ಮಂಗಳಾರತಿಗೆ ನಾಲ್ಕು ನಿಮಿಷ

ಅಮೆರಿಕದಲ್ಲಿ ಶಾಲೆಯ ಸಭಾಂಗಣವನ್ನೋ ಊರಿನ ಕಮ್ಯುನಿಟಿ ಸೆಂಟರನ್ನೋ ಬಾಡಿಗೆಗೆ ಹಿಡಿಯಲು ಹೋದವರ ಕೈಗೆ ಮೊದಲು ಬರುವುದು ಹಲವು ಪುಟಗಳ ಕರಾರು. ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಮದ್ಯ ತರುವಂತಿಲ್ಲ, ಹೇಳಿದ ಹೊತ್ತಿಗೆ ಖಾಲಿ ಮಾಡಬೇಕು ಎನ್ನುವ ಸಾಲುಗಳ ನಡುವೆ ಇನ್ನೊಂದು ಸಾಲೂ ಇರುತ್ತದೆ: ಕಟ್ಟಡದೊಳಗೆ ತೆರೆದ ಉರಿ ಹಚ್ಚುವಂತಿಲ್ಲ. ಕನ್ನಡ ಕೂಟದ ಗಣೇಶನ ಹಬ್ಬ ಹೇಗೆ ನಡೆಯುತ್ತದೆ ಎನ್ನುವುದು ಈ ಒಂದು ಸಾಲಿನ ಮೇಲೆ ನಿಂತಿರುತ್ತದೆ. ಮುಂಗಡ ಕಟ್ಟಿ, ಊಟಕ್ಕೆ ಹೇಳಿ, ಆಹ್ವಾನ ಹಂಚಿದ ಮೇಲೆ ಈ ಸಾಲು ಕಣ್ಣಿಗೆ ಬಿದ್ದರೆ ಪರದಾಟ ತಪ್ಪಿದ್ದಲ್ಲ.

ಹಾಗೆಂದು ಈ ಸಾಲೇ ಕೊನೆಯ ಮಾತೂ ಅಲ್ಲ. ಅಮೆರಿಕದ ಬಹುಪಾಲು ರಾಜ್ಯಗಳು ಇಂಟರ್‌ನ್ಯಾಷನಲ್ ಫೈರ್ ಕೋಡ್ ಎಂಬ ಮಾದರಿ ನಿಯಮಾವಳಿಯನ್ನು ತಮ್ಮ ತಮ್ಮ ತಿದ್ದುಪಡಿಗಳೊಂದಿಗೆ ಒಪ್ಪಿಕೊಂಡಿವೆ. ತೆರೆದ ಉರಿಯ ವಿಷಯ ಬರುವುದು ಅದರ 308ನೇ ವಿಭಾಗದಲ್ಲಿ. ಜನ ಸೇರುವ ಜಾಗದಲ್ಲಿ ತೆರೆದ ಉರಿ ಕೂಡದು ಎಂದು ಹೇಳಿ, ಅದಾದ ಮೇಲೆ ಧಾರ್ಮಿಕ ವಿಧಿಗೆ ಅಗತ್ಯವಾದ ಉರಿಗೆ ಅದು ವಿನಾಯಿತಿ ಕೊಡುತ್ತದೆ. ಸುತ್ತಲಿನ ವಸ್ತುವಿಗೆ ಬೆಂಕಿ ತಗಲದಂತೆ, ಜನರಿಗೆ ಅಪಾಯವಾಗದಂತೆ, ಅಧಿಕಾರಿ ಒಪ್ಪುವಷ್ಟು ಎಚ್ಚರಿಕೆ ವಹಿಸಿರಬೇಕು ಎನ್ನುವುದು ಅದಕ್ಕೆ ಷರತ್ತು. ಅಂದರೆ ಬಾಗಿಲು ಮುಚ್ಚಿಲ್ಲ. ಆದರೆ ಎಷ್ಟು ಉರಿ, ಎಲ್ಲಿ, ಎಷ್ಟು ಹೊತ್ತು, ಪಕ್ಕದಲ್ಲಿ ಯಾರು ಎಂದು ಖಚಿತವಾಗಿ ಹೇಳಬಲ್ಲವರಿಗೆ ಮಾತ್ರ ಅದು ತೆರೆಯುತ್ತದೆ.

ಒಪ್ಪಿಗೆ ಒಂದಲ್ಲ, ಎರಡು

ಮೊದಲ ಒಪ್ಪಿಗೆ ಹಾಲ್‌ನ ಒಡೆಯರದು, ಎರಡನೆಯದು ಊರಿನ ಫೈರ್ ಮಾರ್ಷಲ್‌ರದು. ಅಗ್ನಿಶಾಮಕ ದಳದಲ್ಲಿ ಕಟ್ಟಡಗಳ ಸುರಕ್ಷತೆಯನ್ನು ನೋಡಿಕೊಳ್ಳುವ ಅಧಿಕಾರಿಗೆ ಈ ಹೆಸರು. ಜನ ಸೇರುವ ಜಾಗದಲ್ಲಿ ತೆರೆದ ಉರಿ ಅಥವಾ ಮೇಣದಬತ್ತಿ ಬಳಸಲು ಕೊಡುವ ಪರ್ಮಿಟ್ ಅವರ ಕಚೇರಿಯಿಂದ ಬರುತ್ತದೆ. ಶುಲ್ಕ ಎಷ್ಟು, ಎಷ್ಟು ದಿನ ಮುಂಚೆ ಅರ್ಜಿ ಹಾಕಬೇಕು ಎನ್ನುವುದು ಊರಿಂದ ಊರಿಗೆ ಬೇರೆ. ಫೈರ್ ಮಾರ್ಷಲ್ ಸರಿ ಎಂದರೂ ಶಾಲೆ ಬೇಡ ಎನ್ನಬಹುದು, ಏಕೆಂದರೆ ಕಟ್ಟಡ ಅವರದು, ವಿಮೆಯೂ ಅವರದು. ಆದ್ದರಿಂದ ಕರಾರಿಗೆ ಸಹಿ ಹಾಕುವ ಮುನ್ನವೇ ಹಾಲ್‌ನವರನ್ನು ಒಂದು ಪ್ರಶ್ನೆ ಕೇಳಿ ಉತ್ತರವನ್ನು ಇಮೇಲ್‌ನಲ್ಲಿ ಪಡೆದಿಟ್ಟುಕೊಳ್ಳುವುದು ಅನುಭವಿಗಳ ರೂಢಿ: ಫೈರ್ ಮಾರ್ಷಲ್ ಪರ್ಮಿಟ್ ಕೊಟ್ಟರೆ ನಿಮ್ಮ ಅಭ್ಯಂತರ ಇದೆಯೇ?

ಇದರ ಜೊತೆಗೇ ಬರುವ ಇನ್ನೊಂದು ಕಾಗದ ವಿಮೆಯದು. ಶಾಲೆಗಳು ಸಾಮಾನ್ಯವಾಗಿ ಹತ್ತು ಲಕ್ಷ ಡಾಲರಿನ ಹೊಣೆಗಾರಿಕೆ ವಿಮೆ ಕೇಳುತ್ತವೆ. ಅದರಲ್ಲಿ ಶಾಲಾ ಆಡಳಿತದ ಹೆಸರನ್ನೂ ಸೇರಿಸಿರಬೇಕು. ಒಂದು ದಿನದ ಕಾರ್ಯಕ್ರಮಕ್ಕೂ ಇಂಥ ವಿಮೆ ಸಿಗುತ್ತದೆ. ಒಳಗೆ ಉರಿ ಇರುತ್ತದೆ ಎಂದು ವಿಮೆಯವರಿಗೂ ಮೊದಲೇ ತಿಳಿಸಿರಬೇಕು. ಬಚ್ಚಿಟ್ಟು ಪಡೆದ ವಿಮೆ ಬೇಕಾದಾಗ ಕೈಕೊಡುತ್ತದೆ.

ಇನ್ನು ಅರ್ಜಿ. ‘ಹಿಂದೂ ಪೂಜೆ, ದೀಪ ಹಚ್ಚುತ್ತೇವೆ’ ಎಂದಷ್ಟೇ ಬರೆದ ಅರ್ಜಿಯನ್ನು ನೋಡಿದ ಅಧಿಕಾರಿಗೆ ಏನೂ ತಿಳಿಯುವುದಿಲ್ಲ. ನೂರು ಜನ ನೂರು ಹಣತೆ ಹಿಡಿದು ನಿಲ್ಲುತ್ತಾರೋ, ನಡುವೆ ಕಟ್ಟಿಗೆಯ ರಾಶಿ ಉರಿಯುತ್ತದೋ ಎಂದು ಅವರು ಊಹಿಸಬೇಕಾಗುತ್ತದೆ. ಊಹಿಸಬೇಕಾಗಿ ಬಂದ ಅಧಿಕಾರಿ ಬೇಡ ಎನ್ನುವುದೇ ಹೆಚ್ಚು. ಆದ್ದರಿಂದ ಪೂಜೆಯನ್ನು ಬಿಡಿಸಿ ನೋಡಿ, ಅದರಲ್ಲಿ ಬೆಂಕಿ ಎಲ್ಲೆಲ್ಲಿ ಬರುತ್ತದೆ ಎಂದು ಎಣಿಸಬೇಕು.

ಎಣಿಸಿ ಬರೆದ ಉರಿ

ಷೋಡಶೋಪಚಾರ ಪೂಜೆಯಲ್ಲಿ ಆವಾಹನೆ, ಆಸನ, ಪಾದ್ಯ, ಅರ್ಘ್ಯದಿಂದ ಹಿಡಿದು ವಸ್ತ್ರ, ಗಂಧ, ಪುಷ್ಪದವರೆಗೆ ಬೆಂಕಿಯ ಕೆಲಸವೇ ಇಲ್ಲ. ಪೂಜೆಯ ಆರಂಭದಲ್ಲಿ ಹಚ್ಚಿದ ದೀಪ ಪಕ್ಕದಲ್ಲಿ ಉರಿಯುತ್ತಿರುತ್ತದೆ, ಅಷ್ಟೆ. ಆಮೇಲೆ ಧೂಪ, ದೀಪ, ಕೊನೆಗೆ ನೈವೇದ್ಯ ಮುಗಿದ ಮೇಲೆ ನೀರಾಜನ, ಅಂದರೆ ಮಂಗಳಾರತಿ. ಒಂದೂವರೆ ಗಂಟೆಯ ಪೂಜೆಯಲ್ಲಿ ಹೊಸದಾಗಿ ಬೆಂಕಿ ಹೊತ್ತಿಸುವುದು ಈ ಮೂರು ಕಡೆ ಮಾತ್ರ. ಹೀಗೆ ಬಿಡಿಸಿದಾಗ ಅರ್ಜಿ ತಾನಾಗಿ ರೂಪುಗೊಳ್ಳುತ್ತದೆ.

ಒಂದು ಉದಾಹರಣೆ ನೋಡೋಣ. ಕಮ್ಯುನಿಟಿ ಸೆಂಟರಿನ ಹಾಲ್ 60 ಅಡಿ ಉದ್ದ, 50 ಅಡಿ ಅಗಲ. ಬರುವವರು ಸುಮಾರು 200 ಜನ. ಅರ್ಜಿಗೆ ಲಗತ್ತಿಸುವ ಒಂದು ಪುಟದಲ್ಲಿ ಬರೆಯಬೇಕಾದದ್ದು ಇಷ್ಟು: ಹಿತ್ತಾಳೆಯ ಎರಡು ದೀಪ, ತಲಾ ಒಂದು ಬತ್ತಿ, ಇಂಧನ ಎಳ್ಳೆಣ್ಣೆ, ಬೆಳಿಗ್ಗೆ 10.30ರಿಂದ 12ರವರೆಗೆ. ಊದುಬತ್ತಿ ಎರಡು, ಮರಳು ತುಂಬಿದ ಬಟ್ಟಲಿನಲ್ಲಿ, ಐದು ನಿಮಿಷ. ಕರ್ಪೂರ ಎರಡು ಬಿಲ್ಲೆ, ಹಿಡಿಕೆ ಇರುವ ಲೋಹದ ಆರತಿಯಲ್ಲಿ, 11.50ಕ್ಕೆ, ನಾಲ್ಕು ನಿಮಿಷ. ಉರಿಯಿಂದ ಬಟ್ಟೆ, ಕಾಗದ, ಒಣ ಅಲಂಕಾರ ಎಷ್ಟು ದೂರ. ಜನರಿಂದ ಎಷ್ಟು ದೂರ. ಬೆಂಕಿ ನಂದಿಸುವ ಸಾಧನ ಎಲ್ಲಿ, ಪಕ್ಕದಲ್ಲಿ ನಿಲ್ಲುವವರು ಯಾರು. ಜೊತೆಗೆ ಮಂಟಪ, ಕುರ್ಚಿಯ ಸಾಲು, ಬಾಗಿಲುಗಳನ್ನು ಗುರುತಿಸಿದ ಕೈಬರಹದ ನಕ್ಷೆ. ಈ ಪುಟವನ್ನು ಓದಿದ ಅಧಿಕಾರಿ ಕೇಳುವುದು ಒಂದೋ ಎರಡೋ ಪ್ರಶ್ನೆ.

ಅವರು ಕೇಳಬಹುದಾದ ಪ್ರಶ್ನೆ ಹೆಚ್ಚಾಗಿ ಕರ್ಪೂರದ್ದು. ನಮಗೆ ಎಣ್ಣೆ ದೀಪವೂ ಕರ್ಪೂರವೂ ದೇವರ ಮನೆಯ ಒಂದೇ ಗೂಡಿನ ವಸ್ತುಗಳು. ಬೆಂಕಿಯ ಲೆಕ್ಕದಲ್ಲಿ ಎರಡೂ ಬೇರೆ ಬೇರೆ. ಎಳ್ಳೆಣ್ಣೆ ಬತ್ತಿಯಿಲ್ಲದೆ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ, ಅದರ ಆವಿಗೆ ಬೆಂಕಿ ಹಿಡಿಯಬೇಕಾದರೆ 200 ಡಿಗ್ರಿ ಸೆಲ್ಸಿಯಸ್ಸಿಗೂ ಮೇಲೆ ಕಾಯಬೇಕು. ಕರ್ಪೂರಕ್ಕೆ ಸುಮಾರು 66 ಡಿಗ್ರಿ ಸಾಕು. ಸಾಗಾಣಿಕೆಯ ನಿಯಮಗಳಲ್ಲಿ ಕರ್ಪೂರವನ್ನು ಸುಲಭವಾಗಿ ಉರಿಯುವ ಘನವಸ್ತು ಎಂದೇ ವರ್ಗೀಕರಿಸಿದ್ದಾರೆ. ಹೊತ್ತಿಕೊಂಡ ಮೇಲೆ ಉರಿ ಎತ್ತರಕ್ಕೆ ಏಳುತ್ತದೆ, ಕಪ್ಪು ಮಸಿ ಬಿಡುತ್ತದೆ. ಆದ್ದರಿಂದ ಇಡೀ ಡಬ್ಬಿಯನ್ನು ಮಂಟಪದ ಬಳಿ ಇಡುವಂತಿಲ್ಲ. ಬೇಕಾದ ಎರಡು ಬಿಲ್ಲೆಗಳನ್ನು ಮಾತ್ರ ಮುಚ್ಚಳ ಭದ್ರವಾಗಿರುವ ಪುಟ್ಟ ಡಬ್ಬಿಯಲ್ಲಿ ತಂದು, ಮಿಕ್ಕದ್ದನ್ನು ಮನೆಯಲ್ಲೇ ಬಿಡಬೇಕು.

ನಿಯಮದಲ್ಲಿ ಇನ್ನೊಂದು ಅಂಶ ಇದೆ. ಜನ ನಿಲ್ಲುವ ಜಾಗ, ನಡೆಯುವ ದಾರಿ, ಹೊರಹೋಗುವ ಬಾಗಿಲು, ಇಲ್ಲೆಲ್ಲ ಉರಿ ಇಡುವಂತಿಲ್ಲ. ಮಂಗಳಾರತಿ ಮುಗಿದ ಮೇಲೆ ತಟ್ಟೆಯನ್ನು ಕುರ್ಚಿಗಳ ಸಾಲಿನೊಳಗೆ ಒಯ್ಯುವ ನಮ್ಮ ಅಭ್ಯಾಸಕ್ಕೆ ಇದು ನೇರ ಅಡ್ಡ. ರೇಷ್ಮೆ ಸೆರಗು, ಪಾಲಿಯೆಸ್ಟರ್ ದುಪಟ್ಟ, ಓಡಾಡುವ ಮಕ್ಕಳು, ಇವುಗಳ ನಡುವೆ ಉರಿಯುವ ತಟ್ಟೆ ಸಾಗುವುದನ್ನು ನೆನೆಸಿಕೊಂಡರೆ ಈ ನಿಯಮದ ಹಿಂದಿನ ಕಾರಣ ಹೊಳೆಯುತ್ತದೆ. ಪರಿಹಾರವೂ ಸುಲಭ. ತಟ್ಟೆ ಮಂಟಪದ ಮುಂದಿನ ಮೇಜಿನ ಮೇಲೆ ನಿಲ್ಲಲಿ, ಜನ ಒಂದು ಕಡೆಯಿಂದ ಸಾಲಾಗಿ ಬಂದು ಇನ್ನೊಂದು ಕಡೆಯಿಂದ ಹೋಗಲಿ. ಆ ಹೊತ್ತಿಗೆ ಕರ್ಪೂರ ಆರಿರುತ್ತದೆ. ಸಾಲಿನಲ್ಲಿ ಬರುವವರು ಆರತಿ ತೆಗೆದುಕೊಳ್ಳುವುದು ಎಣ್ಣೆ ದೀಪದಿಂದ.

ಅರ್ಜಿಯಲ್ಲಿ ದೀಪ, ಕರ್ಪೂರ ಎಲ್ಲ ಬರೆದು ಊಟದ ಮೇಜನ್ನು ಮರೆಯುವುದು ಬಹಳ ಕಡೆ ನಡೆಯುತ್ತದೆ. ಬಿಸಿಬೇಳೆಬಾತಿನ ಟ್ರೇ ಬಿಸಿಯಾಗಿರಲಿ ಎಂದು ಕೆಳಗಿಡುವ ಜೆಲ್ ಡಬ್ಬಿಯದೂ ತೆರೆದ ಉರಿಯೇ. ಆರು ಟ್ರೇ ಇದ್ದರೆ ಹನ್ನೆರಡು ಡಬ್ಬಿ, ಎರಡು ಗಂಟೆ ಉರಿ. ದೇವರ ಮುಂದಿನ ಎರಡು ದೀಪಕ್ಕಿಂತ ಇದು ಎಷ್ಟೋ ಹೆಚ್ಚು. ಇದನ್ನೂ ಪುಟದಲ್ಲಿ ಸೇರಿಸಬೇಕು, ಇಲ್ಲವೇ ವಿದ್ಯುತ್ತಿನಿಂದ ಬಿಸಿಯಾಗುವ ಪಾತ್ರೆಗಳನ್ನು ತರಿಸಬೇಕು.

ಹೋಮದ ಮಾತು ಬೇರೆ. ಕಟ್ಟಿಗೆ, ಬೆರಣಿ, ತುಪ್ಪದ ಬೆಂಕಿಗೆ ಬಾಡಿಗೆ ಹಾಲ್‌ನೊಳಗೆ ಒಪ್ಪಿಗೆ ಸಿಗುವುದು ಅಪರೂಪ. ಕೇಳುವುದಾದರೆ ಹೊರಗಿನ ಜಾಗಕ್ಕೆ ಕೇಳಬೇಕು. ಅದಕ್ಕೆ ನಿಯಮ ಬೇರೆ, ಕಟ್ಟಡದಿಂದ ಇಷ್ಟು ಅಡಿ ದೂರ ಎನ್ನುವ ಲೆಕ್ಕವೂ ಬೇರೆ. ಗಣಹೋಮ ಬೇಕೇ ಬೇಕು ಎನ್ನುವವರು ಅದನ್ನು ದೇವಸ್ಥಾನದ ಯಾಗಶಾಲೆಯಲ್ಲಿ ಬೇರೊಂದು ದಿನ ಮಾಡಿಸುತ್ತಾರೆ.

ಹೊಗೆ ಎಲ್ಲಿಗೆ ಹೋಗುತ್ತದೆ

ಪರ್ಮಿಟ್ ಕೈಗೆ ಬಂದರೆ ಕಾಗದ ಒಪ್ಪಿದಂತಾಯಿತು. ಚಾವಣಿಯ ಮೇಲಿನ ಯಂತ್ರ ಇನ್ನೂ ಒಪ್ಪಿಲ್ಲ.

ಇಂದಿನ ಕಟ್ಟಡಗಳಲ್ಲಿ ಹೆಚ್ಚಾಗಿ ಕಾಣುವ ಹೊಗೆ ಪತ್ತೆ ಯಂತ್ರ ಬೆಳಕನ್ನು ನಂಬಿ ಕೆಲಸ ಮಾಡುತ್ತದೆ. ಒಳಗಿನ ಕತ್ತಲೆ ಗೂಡಿನಲ್ಲಿ ಒಂದು ಬೆಳಕಿನ ಕಿರಣ, ಅದಕ್ಕೆ ನೇರವಾಗಿರದಂತೆ ಒಂದು ಕಣ್ಣು. ಹೊಗೆಯ ಕಣ ಒಳಹೊಕ್ಕರೆ ಬೆಳಕು ಚದುರಿ ಕಣ್ಣಿಗೆ ಬೀಳುತ್ತದೆ, ಗಂಟೆ ಹೊಡೆಯುತ್ತದೆ. ಉರಿಯದೆ ಹೊಗೆಯಾಡುವ ವಸ್ತುವಿನ ದಪ್ಪ ಹೊಗೆಯನ್ನು ಈ ಯಂತ್ರ ಚೆನ್ನಾಗಿ ಹಿಡಿಯುತ್ತದೆ. ಊದುಬತ್ತಿ ಮಾಡುವುದೂ ಅದನ್ನೇ, ಉರಿಯದೆ ಹೊಗೆಯಾಡುವುದು. ಆದ್ದರಿಂದ ಎತ್ತರದ ಉರಿಯ ಕರ್ಪೂರಕ್ಕಿಂತ ಸಾಧುವಾಗಿ ಕಾಣುವ ಊದುಬತ್ತಿಯೇ ಅಲಾರಂಗೆ ಹೆಚ್ಚು ಅಪಾಯ. ಎರಡು ಕಡ್ಡಿಯಿಂದ ದೊಡ್ಡ ಹಾಲ್‌ನಲ್ಲಿ ಏನೂ ಆಗದಿರಬಹುದು. ಬಂದ ಮನೆಯವರೆಲ್ಲ ತಾವೂ ಒಂದೊಂದು ಹಚ್ಚಿ ನಿಲ್ಲಿಸತೊಡಗಿದರೆ ಅರ್ಧ ಗಂಟೆಯಲ್ಲಿ ಚಾವಣಿಯಡಿ ಹೊಗೆ ಕಟ್ಟುತ್ತದೆ. ಕೆಂಡದ ಮೇಲೆ ಸಾಂಬ್ರಾಣಿ ಹಾಕುವುದಂತೂ ಹಾಲ್‌ನೊಳಗೆ ಆಗದ ಮಾತು.

ದೊಡ್ಡ ವ್ಯಾಯಾಮಶಾಲೆಗಳಲ್ಲಿ ಚಾವಣಿಯ ಗುಂಡು ಯಂತ್ರದ ಬದಲು ಈ ಗೋಡೆಯಿಂದ ಆ ಗೋಡೆಗೆ ಕಣ್ಣಿಗೆ ಕಾಣದ ಕಿರಣವೊಂದು ಹಾಯುವುದುಂಟು. ಹೊಗೆ ಮಾತ್ರವಲ್ಲ, ಮಕ್ಕಳ ಕೈತಪ್ಪಿ ಮೇಲೇರಿದ ಬಲೂನು ಅಡ್ಡ ಬಂದರೂ ಅದು ತಕರಾರು ತೆಗೆಯುತ್ತದೆ. ಇನ್ನೊಂದು ಯಂತ್ರ ನಮಗೆ ಕಾಣುವುದೇ ಇಲ್ಲ. ಏರ್ ಕಂಡೀಶನರ್ ಗಾಳಿಯನ್ನು ಹಿಂದಕ್ಕೆ ಎಳೆದುಕೊಳ್ಳುವ ಕೊಳವೆಯೊಳಗೆ ಅದು ಕೂತಿರುತ್ತದೆ. ಹೊಗೆ ಅಲ್ಲಿಗೆ ತಲುಪಿದರೆ ಮೊದಲು ಗಾಳಿ ನಿಲ್ಲುತ್ತದೆ. ತುಂಬಿದ ಸಭೆಯಲ್ಲಿ ಇದ್ದಕ್ಕಿದ್ದಂತೆ ಸೆಕೆಯಾಗತೊಡಗಿದರೆ, ಏರ್ ಕಂಡೀಶನರಿನ ಸದ್ದು ನಿಂತಿದ್ದರೆ, ಕಾರಣ ಇದಿರಬಹುದು.

ಆದ್ದರಿಂದ ಮಂಟಪದ ಜಾಗವನ್ನು ಅಂದಚಂದ ನೋಡಿ ಆರಿಸುವ ಮೊದಲು ಗಾಳಿ ನೋಡಿ ಆರಿಸಬೇಕು. ಹಾಲ್ ನೋಡಲು ಹೋದ ದಿನ ಏರ್ ಕಂಡೀಶನರ್ ಹಾಕಿಸಿ, ಟಿಷ್ಯೂ ಕಾಗದದ ಉದ್ದ ಪಟ್ಟಿಯೊಂದನ್ನು ಎರಡು ಬೆರಳಲ್ಲಿ ಹಿಡಿದು ಮಂಟಪ ಬರುವ ಜಾಗದಲ್ಲಿ ನಿಲ್ಲಿ. ಪಟ್ಟಿ ನೇರ ತೂಗಿದರೆ ಒಳ್ಳೆಯದು. ಒಂದು ಕಡೆಗೆ ವಾಲಿದರೆ ಆ ದಿಕ್ಕಿನಲ್ಲಿ ಹೋಗಿ ಗೋಡೆಯ ಜಾಲರಿಯನ್ನು ಹುಡುಕಿ. ಪಟ್ಟಿಯನ್ನು ಜಾಲರಿಗೆ ಹಿಡಿದಾಗ ಅದು ಅಂಟಿಕೊಂಡರೆ ಗಾಳಿ ಒಳಹೋಗುವ ಬಾಯಿ ಅದೇ, ಊದುಬತ್ತಿ ಅದರಿಂದ ಆದಷ್ಟು ದೂರ ಇರಬೇಕು.

ಚಾವಣಿಯ ಇನ್ನೊಂದು ಸಾಧನ ನೀರು ಚಿಮ್ಮುವ ಸ್ಪ್ರಿಂಕ್ಲರ್. ಊದುಬತ್ತಿಯ ಹೊಗೆಗೆ ನೀರು ಸುರಿದು ಗಣಪತಿ ತೊಯ್ದುಹೋದಾನು ಎಂಬ ಭಯ ಅನೇಕರಿಗಿದೆ. ಸಾಮಾನ್ಯ ಸಭಾಂಗಣದ ಸ್ಪ್ರಿಂಕ್ಲರ್ ಹೊಗೆಗೆ ತೆರೆಯುವುದಿಲ್ಲ, ಬಿಸಿಗೆ ತೆರೆಯುತ್ತದೆ. ಅದರ ಬಾಯಿಯಲ್ಲಿರುವ ಪುಟ್ಟ ಗಾಜಿನ ಗುಳಿಗೆ ಸಾಮಾನ್ಯವಾಗಿ 68 ಡಿಗ್ರಿಯ ಆಸುಪಾಸಿನಲ್ಲಿ ಒಡೆಯುತ್ತದೆ, ಅದೂ ಬಿಸಿ ತಗಲಿದ ಒಂದೇ ಬಾಯಿ. ಅಪಾಯ ಇರುವುದು ಬೇರೆ ಕಡೆ: ಎತ್ತರದ ಮಂಟಪ ಕಟ್ಟಿ ಅದರ ತುದಿ ಸ್ಪ್ರಿಂಕ್ಲರ್‌ಗೆ ಹತ್ತಿರವಾದರೆ ನಿಜವಾಗಿ ಬೆಂಕಿ ಬಿದ್ದಾಗ ನೀರು ಹರಡುವುದಿಲ್ಲ. ಸ್ಪ್ರಿಂಕ್ಲರ್‌ನ ಕೆಳಗೆ 18 ಇಂಚು ಖಾಲಿ ಇರಬೇಕು ಎನ್ನುವುದು ಅಲ್ಲಿನ ನಿಯಮ. ಮಾವಿನ ತೋರಣ ಕಟ್ಟಲು ಚಾವಣಿಯಲ್ಲಿ ಕೈಗೆಟಕುವ ಒಳ್ಳೆಯ ಕೊಳವೆ ಕಂಡರೆ ಅದು ಬಹುಶಃ ಸ್ಪ್ರಿಂಕ್ಲರಿನದು. ಅದಕ್ಕೆ ಏನನ್ನೂ ಕಟ್ಟುವಂತಿಲ್ಲ.

ಅಲಾರಂ ತಡೆಯುವುದು ಯಾರ ಕೆಲಸ

ಹೊಗೆ ಪತ್ತೆ ಯಂತ್ರಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿಬಿಡೋಣ ಎನ್ನುವ ಸಲಹೆ ಪ್ರತಿ ಸಮಿತಿಯಲ್ಲೂ ಒಬ್ಬರಿಂದ ಬರುತ್ತದೆ. ಅದು ಕಾನೂನಿಗೆ ವಿರುದ್ಧ. ಸಿಕ್ಕಿಬಿದ್ದರೆ ಕಾರ್ಯಕ್ರಮವನ್ನು ಅಲ್ಲೇ ನಿಲ್ಲಿಸಬಹುದು. ಸರಿಯಾದ ದಾರಿ ಕಟ್ಟಡದ ಮೇಲ್ವಿಚಾರಕರ ಮೂಲಕವೇ ಹೋಗುತ್ತದೆ. ಅಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ, ಇವನ್ನು ಒಂದೇ ಎಂದುಕೊಂಡರೆ ಎಡವಟ್ಟಾಗುತ್ತದೆ.

ಅಲಾರಂ ಹೊಡೆದಾಗ ಆ ಸುದ್ದಿ ಮೊದಲು ಹೋಗುವುದು ಒಂದು ನಿಗಾ ಕಂಪನಿಗೆ, ಅಲ್ಲಿಂದ ಅಗ್ನಿಶಾಮಕ ದಳಕ್ಕೆ. ಮೇಲ್ವಿಚಾರಕರು ಆ ಕಂಪನಿಗೆ ಕರೆ ಮಾಡಿ, ಬೆಳಿಗ್ಗೆ 10.30ರಿಂದ 12.15ರವರೆಗೆ ಕಟ್ಟಡವನ್ನು ‘ಟೆಸ್ಟ್’ನಲ್ಲಿ ಇಡಿ ಎನ್ನಬಹುದು. ಆಗ ಬೆಂಕಿ ಗಾಡಿ ತಾನಾಗಿ ಬರುವುದಿಲ್ಲ. ಆದರೆ ಹಾಲ್‌ನೊಳಗಿನ ಗಂಟೆ, ಮಿನುಗುವ ದೀಪ ಎಂದಿನಂತೆ ಕೆಲಸ ಮಾಡುತ್ತವೆ. ಹೊಗೆ ಹೆಚ್ಚಾದರೆ ಕಿವಿಗಡಚಿಕ್ಕುವ ಸದ್ದು ಖಂಡಿತ. ಆ ಸದ್ದೂ ಬರಬಾರದು ಎಂದರೆ ಮಂಟಪದ ಮೇಲಿನ ಒಂದೆರಡು ಯಂತ್ರವನ್ನು ನಿಯಂತ್ರಣ ಫಲಕದಿಂದಲೇ ತಾತ್ಕಾಲಿಕವಾಗಿ ನಿಲ್ಲಿಸಬೇಕು. ಇದು ಮೊದಲಿನದಕ್ಕಿಂತ ಗಂಭೀರ ಹೆಜ್ಜೆ. ಅಗ್ನಿಶಾಮಕ ದಳಕ್ಕೆ ತಿಳಿಸಿ, ಅವರು ಕೇಳಿದರೆ ಫೈರ್ ವಾಚ್ ಎಂಬ ಕಾವಲನ್ನೂ ಇಡಬೇಕು. ಯಂತ್ರದ ಬದಲು ಮನುಷ್ಯ ಹೊಗೆ ನೋಡುವ ವ್ಯವಸ್ಥೆ ಅದು. ಸುತ್ತುತ್ತಾ ಇರಬೇಕು, ಸಮಯ ಬರೆದಿಡಬೇಕು, ಕೈಯಲ್ಲಿ ಫೋನ್ ಇರಬೇಕು, ಬೇರೆ ಯಾವ ಕೆಲಸವನ್ನೂ ಹಚ್ಚಿಕೊಳ್ಳಬಾರದು. ಕೆಲವು ಊರುಗಳಲ್ಲಿ ಇದಕ್ಕೆ ಅಗ್ನಿಶಾಮಕ ದಳದವರೇ ಬರಬೇಕು, ಗಂಟೆಗೆ ಇಷ್ಟು ಎಂದು ಹಣ ಕಟ್ಟಬೇಕು.

ಸಣ್ಣ ಕೂಟಗಳಿಗೆ ಸರಳ ದಾರಿ ಮೊದಲನೆಯದೇ. ಹೊಗೆಯನ್ನು ಕಡಿಮೆ ಇಟ್ಟು, ಟೆಸ್ಟ್‌ನಲ್ಲಿ ಇಡಿಸಿ, ಯಂತ್ರ ನಿಲ್ಲಿಸುವ ಗೊಡವೆಗೆ ಹೋಗದಿರುವುದು. ಪೂಜೆ ಮುಗಿದ ಮೇಲೆ ಟೆಸ್ಟ್ ತೆಗೆಸಿದ್ದಾರೋ ಎಂದು ಮೇಲ್ವಿಚಾರಕರನ್ನು ಕೇಳಿ, ಫಲಕದ ಮೇಲೆ ‘ನಾರ್ಮಲ್’ ಎಂದು ಬಂದಿರುವುದನ್ನು ಕಣ್ಣಾರೆ ನೋಡಬೇಕು. ಸಂಜೆಯ ನೃತ್ಯಕ್ಕೆ ವೇದಿಕೆಯ ಮೇಲೆ ಕೃತಕ ಮಂಜು ಬಿಡುವ ಯಂತ್ರ ತರುವವರಿದ್ದರೆ ಅದನ್ನೂ ಮೊದಲೇ ಹೇಳಿರಬೇಕು, ಹೊಗೆ ಪತ್ತೆ ಯಂತ್ರಕ್ಕೆ ಆ ಮಂಜೂ ಹೊಗೆಯೇ.

ಇಷ್ಟಾದರೂ ಗಂಟೆ ಹೊಡೆಯಿತೆನ್ನಿ. ‘ಊದುಬತ್ತಿ ಹೊಗೆ ಅಷ್ಟೆ, ಕೂತುಕೊಳ್ಳಿ’ ಎಂದು ಮೈಕಿನಲ್ಲಿ ಹೇಳುವಂತಿಲ್ಲ. ಎಲ್ಲರೂ ಹೊರಗೆ ಹೋಗಬೇಕು, ಪುರೋಹಿತರೂ ಸಹ. ದೀಪದ ಪಕ್ಕದವರು ಮುಚ್ಚಳದಿಂದ ಉರಿ ಆರಿಸಿಯೇ ಹೊರಡುತ್ತಾರೆ. ಗಂಟೆ ನಿಲ್ಲಿಸುವ ಅಧಿಕಾರ ನಮ್ಮದಲ್ಲ. ಸುಳ್ಳು ಅಲಾರಂಗೆ ಅನೇಕ ಊರುಗಳಲ್ಲಿ ದಂಡ ಇದೆ, ಹಾಲ್‌ನವರು ಅದನ್ನು ಬಾಡಿಗೆದಾರರ ಲೆಕ್ಕಕ್ಕೆ ಹಾಕುತ್ತಾರೆ.

ಕೆಲಸ ಹಂಚುವುದು

ಹಬ್ಬಕ್ಕೆ ಸ್ವಯಂಸೇವಕರು ಸಿಗುತ್ತಾರೆ. ರಂಗೋಲಿಗೆ, ಬಡಿಸಲು, ಪ್ರಸಾದ ಕಟ್ಟಲು ಜನಕ್ಕೆ ಬರವಿಲ್ಲ. ಎಲ್ಲರೂ ಮಂಟಪದ ಕಡೆ ನೋಡುವಾಗ ಅದಕ್ಕೆ ಬೆನ್ನು ಹಾಕಿ ನಿಲ್ಲುವವರು ಸಿಗುವುದು ಕಷ್ಟ.

ಅಂಥ ಕೆಲಸ ಮುಖ್ಯವಾಗಿ ಎರಡು. ಮೊದಲನೆಯದು ದೀಪದ ಹೊಣೆ. ಹತ್ತಿಯ ಬಟ್ಟೆ ತೊಟ್ಟ, ಸೆರಗು ದುಪಟ್ಟ ಬಿಗಿಯಾಗಿ ಸಿಕ್ಕಿಸಿಕೊಂಡ ಒಬ್ಬರು ಮೊದಲ ಬತ್ತಿ ಹಚ್ಚಿದ್ದರಿಂದ ಕೊನೆಯ ಬತ್ತಿ ಆರುವವರೆಗೆ ಅಲ್ಲೇ ಇರಬೇಕು. ಊಟಕ್ಕೆ ಕರೆದರೂ ಕದಲುವಂತಿಲ್ಲ. ಅವರ ಕೈಗೆಟಕುವಂತೆ ದೀಪಕ್ಕಿಂತ ದೊಡ್ಡದಾದ ಒಂದು ಲೋಹದ ಮುಚ್ಚಳ, ಒಂದು ಬೋಗುಣಿ ಮರಳು, ಎಬಿಸಿ ಬಗೆಯ ಬೆಂಕಿ ಆರಿಸುವ ಸಿಲಿಂಡರ್ ಇರಬೇಕು. ಉರಿಯುವ ಎಣ್ಣೆಗೆ, ತುಪ್ಪಕ್ಕೆ ನೀರು ಹಾಕಿದರೆ ಉರಿ ಸಿಡಿದು ಹರಡುತ್ತದೆ, ಆದ್ದರಿಂದ ಕಲಶದ ನೀರು ಪಕ್ಕದಲ್ಲಿದೆ ಎಂಬ ಧೈರ್ಯ ತಪ್ಪು ಧೈರ್ಯ. ಆರಿದ ಬತ್ತಿ, ಊದುಬತ್ತಿಯ ತುದಿ, ಬೂದಿ ಕಾಗದದ ಕಸದ ಚೀಲಕ್ಕೆ ಹೋಗಬಾರದು. ನೀರಿರುವ ತಗಡಿನ ಡಬ್ಬಿಗೆ ಹಾಕಿಟ್ಟು ಮರುದಿನ ಎಸೆಯಬೇಕು.

ಎರಡನೆಯದು ಬಾಗಿಲಿನ ಹೊಣೆ. ಅಮೆರಿಕದವರು ಇದರ ಬಗ್ಗೆ ಇಷ್ಟು ಬಿಗಿಯಾಗಿರುವುದಕ್ಕೆ ಕಾರಣ ಇದೆ. 2003ರ ಫೆಬ್ರವರಿ 20ರಂದು ರೋಡ್ ಐಲೆಂಡ್ ರಾಜ್ಯದ ವೆಸ್ಟ್ ವಾರ್ವಿಕ್‌ನ ‘ಸ್ಟೇಷನ್’ ಎಂಬ ನೈಟ್‌ಕ್ಲಬ್‌ನಲ್ಲಿ ವೇದಿಕೆಯ ಬಾಣಬಿರುಸಿನ ಕಿಡಿ ಗೋಡೆಗೆ ಅಂಟಿಸಿದ್ದ ಫೋಮ್‌ಗೆ ತಗಲಿ 100 ಜನ ಸತ್ತರು. ಬೇರೆ ಬಾಗಿಲುಗಳಿದ್ದರೂ ಹೆಚ್ಚಿನವರು ತಾವು ಒಳಬಂದ ಮುಂಬಾಗಿಲಿಗೇ ನುಗ್ಗಿದ್ದರು. ಜನರಿಗೆ ದಾರಿ ತೋರಲು ತರಬೇತಾದ ಕ್ರೌಡ್ ಮ್ಯಾನೇಜರ್ ಇರಬೇಕು ಎಂಬ ನಿಯಮ ಆಮೇಲೆ ಬಿಗಿಯಾಯಿತು. ಸಾಮಾನ್ಯ ಲೆಕ್ಕ 250 ಜನಕ್ಕೆ ಒಬ್ಬರು. ಎಷ್ಟು ಜನ ಸೇರಿದರೆ ಇದು ಕಡ್ಡಾಯ ಎನ್ನುವುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ತರಬೇತಿ ಆನ್‌ಲೈನ್‌ನಲ್ಲೂ ಸಿಗುತ್ತದೆ.

ಥರ್ಮೋಕೋಲ್ ಮಂಟಪ ಬೇಡ ಎನ್ನುವುದೂ ಇದೇ ಕಾರಣಕ್ಕೆ. ಕೊರೆದು ಚಿನ್ನದ ಬಣ್ಣ ಬಳಿದರೆ ಎಷ್ಟು ಚೆಂದವೋ, ದೀಪದ ಹಿಂದೆ ನಿಂತಾಗ ಅಷ್ಟೇ ಅಪಾಯ. ಹಿಂಬದಿಗೆ ಇಳಿಬಿಟ್ಟ ರೇಷ್ಮೆ ಸೀರೆಯದೂ ಅದೇ ಕಥೆ. ಲೋಹದ ಚೌಕಟ್ಟು, ಬಾಳೆಕಂದು, ಹಸಿ ಹೂವು, ಎನ್‌ಎಫ್‌ಪಿಎ 701 ಎಂಬ ಚೀಟಿ ಇರುವ ಬೆಂಕಿ ನಿರೋಧಕ ಪರದೆ, ಇವುಗಳಿಂದ ಕಟ್ಟಿದ ಮಂಟಪಕ್ಕೆ ತಕರಾರು ಕಡಿಮೆ.

ಬಾಗಿಲಲ್ಲಿ ನಿಂತವರು ತಲೆ ಎಣಿಸಲೂ ಬೇಕು. ನಮ್ಮ ಉದಾಹರಣೆಯ ಹಾಲ್ 3000 ಚದರಡಿ. ಮಂಟಪ, ವೇದಿಕೆ, ಬಡಿಸುವ ಮೇಜುಗಳಿಗೆ 600 ಹೋದರೆ ಉಳಿದದ್ದು 2400. ಬರೀ ಕುರ್ಚಿ ಹಾಕಿದರೆ ಒಬ್ಬರಿಗೆ 7 ಚದರಡಿ ಎಂಬ ಲೆಕ್ಕ, ಅಂದರೆ 342 ಜನ. ಊಟದ ಮೇಜು ಹಾಕಿದರೆ ಒಬ್ಬರಿಗೆ 15 ಚದರಡಿ, ಅಂದರೆ 160 ಮಾತ್ರ. ಪೂಜೆಗೆ ಹಾಯಾಗಿ ಕೂತ 200 ಜನ ಅದೇ ಹಾಲ್‌ನಲ್ಲಿ ಊಟಕ್ಕೆ ಕೂರುವಂತಿಲ್ಲ. ಆದ್ದರಿಂದ ಎರಡು ಪಂಕ್ತಿ. ಹಾಲ್‌ನ ಗೋಡೆಯ ಮೇಲೆ ಬರೆದ ಸಂಖ್ಯೆ ಇದಕ್ಕಿಂತ ಕಡಿಮೆ ಇದ್ದರೆ ಆ ಸಂಖ್ಯೆಯೇ ಅಂತಿಮ.

ಪುರೋಹಿತರು ಸಿಗಬೇಕಲ್ಲ

ಅಮೆರಿಕದ ದೇವಸ್ಥಾನಗಳಲ್ಲಿರುವ ಅನೇಕ ಅರ್ಚಕರು ಬಂದಿರುವುದು ಆರ್-1 ಎಂಬ ಧಾರ್ಮಿಕ ಕೆಲಸದ ವೀಸಾದಲ್ಲಿ. ಯಾವ ದೇವಸ್ಥಾನ ಕರೆಸಿಕೊಂಡಿತೋ ಅಲ್ಲಿಗೆ ಮಾತ್ರ ಅವರು ದುಡಿಯಬಹುದು. ಪರಿಚಯದ ಮೇಲೆ ನೇರವಾಗಿ ಅವರನ್ನೇ ಕರೆಸಿ ಕೈಗೆ ಹಣ ಕೊಟ್ಟರೆ ತೊಂದರೆಗೆ ಸಿಲುಕುವವರು ಅವರೇ. ದೇವಸ್ಥಾನದ ಕಚೇರಿಯಲ್ಲಿ ಹೊರಗಿನ ಸೇವೆ ಎಂದು ಬರೆಸಿ, ಸಂಭಾವನೆಯ ಚೆಕ್ಕನ್ನು ದೇವಸ್ಥಾನದ ಹೆಸರಿಗೇ ಕೊಡುವುದು ಕ್ರಮ.

ಹಬ್ಬದ ದಿನ ಅವರು ಸಿಗುವುದಿಲ್ಲ, ಅಂದು ದೇವಸ್ಥಾನದಲ್ಲೇ ಕೈತುಂಬ ಕೆಲಸ. ದಿನವೂ ಇಲ್ಲಿನದೇ ಆಗಿರಬೇಕೆಂದಿಲ್ಲ. 2025ರಲ್ಲಿ ಭಾರತದಲ್ಲಿ ಚೌತಿ ಆಗಸ್ಟ್ 27ರ ಬುಧವಾರ. ತಿಥಿ ಹಿಂದಿನ ದಿನ ಮಧ್ಯಾಹ್ನ ಎರಡರ ಸುಮಾರಿಗೇ ಹುಟ್ಟಿತ್ತು. ಆಗ ನ್ಯೂಯಾರ್ಕಿನಲ್ಲಿ 26ರ ಬೆಳಗಿನ ಜಾವ, ಹಾಗಾಗಿ ಅಲ್ಲಿನ ಮಧ್ಯಾಹ್ನಕ್ಕೆ ಚೌತಿ ಸಿಕ್ಕಿದ್ದು ಮಂಗಳವಾರವೇ. ಮನೆಯ ಪೂಜೆ ಆ ದಿನ, ಕೂಟದ ಹಬ್ಬ ಮುಂದಿನ ಶನಿವಾರವೋ ಭಾನುವಾರವೋ, ಹೀಗೆ ರೂಢಿಯಾಗಿದೆ.

ಪುರೋಹಿತರಿಗೆ ಮುಂಚಿತವಾಗಿ ತಲುಪಬೇಕಾದದ್ದು ಎರಡು. ಒಂದು, ಸಂಕಲ್ಪದ ಪಟ್ಟಿ. ಅರವತ್ತು ಮನೆಯವರು ಒಬ್ಬೊಬ್ಬರಾಗಿ ಹೆಸರು, ಗೋತ್ರ, ನಕ್ಷತ್ರ ಹೇಳತೊಡಗಿದರೆ ಅರ್ಧ ಗಂಟೆ ಅಲ್ಲೇ ಹೋಗುತ್ತದೆ, ಮಂಗಳಾರತಿ ಪರ್ಮಿಟ್ಟಿನ ಹೊತ್ತು ಮೀರುತ್ತದೆ. ಎರಡು, ಉರಿಯ ಪುಟ. ಕರ್ಪೂರವನ್ನು ಧಾರಾಳವಾಗಿ ಸುರಿಯುವುದು ದೇವಸ್ಥಾನದಲ್ಲಿ ಅಭ್ಯಾಸವಾಗಿರುತ್ತದೆ, ಇಲ್ಲಿ ಹಾಗಲ್ಲ ಎಂದು ಮೊದಲೇ ಹೇಳಿದರೆ ಯಾರಿಗೂ ಮುಜುಗರವಿಲ್ಲ.

“ಭಟ್ರೇ, ಇಲ್ಲಿ ಎರಡು ಬಿಲ್ಲೆಗೆ ಮಾತ್ರ ಪರ್ಮಿಟ್ ಇರೋದು. ಏಕಾರತಿ, ಪಂಚಾರತಿ ಎಲ್ಲ ಬೇಡ ಅಂದಿದ್ದಾರೆ.”

“ಅಷ್ಟೇ ತಾನೇ? ನೀವು ತಟ್ಟೆಗೆ ಎಷ್ಟು ಹಾಕಿ ಕೊಡ್ತೀರೋ ಅಷ್ಟನ್ನೇ ಹಚ್ತೀನಿ. ಡಬ್ಬಿ ಮಾತ್ರ ನನ್ನ ಪಕ್ಕ ಇಡಬೇಡಿ, ಕೈ ತಾನಾಗೇ ಹೋಗುತ್ತೆ.”

ಇಷ್ಟು ಮಾತಾದರೆ ಸಾಕು. ಬಹುಪಾಲು ಪುರೋಹಿತರು ಇಂಥ ಹಾಲ್‌ಗಳಲ್ಲಿ ಪೂಜೆ ಮಾಡಿ ಪಳಗಿದವರು. ಸಂಕಲ್ಪದಲ್ಲಿ ಜಂಬೂದ್ವೀಪದ ಬದಲು ಕ್ರೌಂಚದ್ವೀಪ ಎಂದು ಹೇಳುವವರಿಗೆ ಉಳಿದದ್ದನ್ನು ಹೊಂದಿಸಿಕೊಳ್ಳುವುದು ಹೊಸದೇನಲ್ಲ. ಅವರ ಮಾತೃಭಾಷೆ ತೆಲುಗೋ ತಮಿಳೋ ಆಗಿದ್ದರೆ ಸ್ಯಮಂತಕೋಪಾಖ್ಯಾನವನ್ನು ಕನ್ನಡದಲ್ಲಿ ಓದಲು ಕೂಟದ ಒಬ್ಬರನ್ನು ಗೊತ್ತು ಮಾಡಿಟ್ಟರಾಯಿತು.

ಬೇಡ ಎಂದೇ ಹೇಳಿದರೆ

ಎಲ್ಲ ಸರಿಯಾಗಿ ಬರೆದು ಕೊಟ್ಟರೂ ಒಪ್ಪಿಗೆ ಸಿಗದ ಹಾಲ್‌ಗಳಿವೆ. ಹಳೆಯ ಮರದ ಕಟ್ಟಡ, ಸ್ಪ್ರಿಂಕ್ಲರ್ ಇಲ್ಲದ ಹಾಲ್, ನಿಯಮ ಸಡಿಲಿಸದ ಶಾಲಾ ಆಡಳಿತ, ಕಾರಣ ಏನೇ ಇರಲಿ, ಅಲ್ಲಿ ಕದ್ದು ಹಚ್ಚುವುದು ಮುಂದಿನ ವರ್ಷಕ್ಕೂ ಬಾಗಿಲು ಮುಚ್ಚಿಸಿಕೊಂಡಂತೆ. ಪೂಜಾ ಪದ್ಧತಿಯಲ್ಲೇ ಇದಕ್ಕೆ ದಾರಿ ಇದೆ. ಒದಗದ ಉಪಚಾರದ ಬದಲು ಅಕ್ಷತೆ ಸಮರ್ಪಿಸುವುದು ನಮ್ಮ ಮನೆಗಳಲ್ಲೂ ನಡೆದುಬಂದ ಕ್ರಮ. ವಸ್ತ್ರವಿಲ್ಲದಿದ್ದರೆ ಅಕ್ಷತೆ, ಆಭರಣವಿಲ್ಲದಿದ್ದರೆ ಅಕ್ಷತೆ. ಧೂಪ, ದೀಪ, ನೀರಾಜನಕ್ಕೂ ಅದನ್ನೇ ಅನ್ವಯಿಸಲು ಒಪ್ಪುವ ಪುರೋಹಿತರಿದ್ದಾರೆ. ಒಪ್ಪದವರೂ ಇದ್ದಾರೆ, ಅದಕ್ಕೇ ಈ ಪ್ರಶ್ನೆಯನ್ನು ಅವರನ್ನು ಗೊತ್ತುಮಾಡುವ ದಿನವೇ ಕೇಳಬೇಕು. ಬೆಳಿಗ್ಗೆ ಸದಸ್ಯರೊಬ್ಬರ ಮನೆಯಲ್ಲಿ ದೀಪ, ಧೂಪ, ಮಂಗಳಾರತಿ ಎಲ್ಲ ಸೇರಿ ಪೂಜೆ ಮುಗಿಸಿ, ಹಾಲ್‌ನಲ್ಲಿ ಬ್ಯಾಟರಿ ದೀಪವಿಟ್ಟು ಅರ್ಚನೆ ಮಾತ್ರ ಮಾಡುವ ಕೂಟಗಳೂ ಇವೆ.

ಒಪ್ಪಿಗೆ ಸಿಕ್ಕ ಕೂಟಗಳು ಆ ಪುಟ, ನಕ್ಷೆ, ಪರ್ಮಿಟ್ಟಿನ ಪ್ರತಿ, ಹಾಲ್‌ನವರ ಇಮೇಲ್, ದೀಪ ಹಚ್ಚಿದ ಮತ್ತು ಆರಿಸಿದ ಹೊತ್ತು, ಎಲ್ಲವನ್ನೂ ಒಂದೇ ಕಡತದಲ್ಲಿಟ್ಟು ಮುಂದಿನ ಸಮಿತಿಗೆ ಕೊಡಬೇಕು. ಸಮಿತಿ ವರ್ಷಕ್ಕೊಮ್ಮೆ ಬದಲಾಗುತ್ತದೆ, ಫೈರ್ ಮಾರ್ಷಲ್‌ರ ಕಚೇರಿ ಹಾಗಲ್ಲ. ಹೋದ ವರ್ಷ ನೀವೇ ಒಪ್ಪಿದ್ದು ಇದು, ಅಲಾರಂ ಹೊಡೆಯಲಿಲ್ಲ, ಹೇಳಿದ ಹೊತ್ತಿಗೆ ಆರಿಸಿದ್ದೆವು ಎಂದು ತೋರಿಸುವ ಕಾಗದಕ್ಕಿಂತ ಬಲವಾದ ಶಿಫಾರಸು ಆ ಕಚೇರಿಯಲ್ಲಿ ಬೇರೊಂದಿಲ್ಲ.